ಓಡುವ ಕೋಣದ ಜೊತೆ ಓಡುವ ಹೆಸರು

ಕಂಬಳದ ಒಂದು ವಿಡಿಯೊ ಇದೆ ಎಂದುಕೊಳ್ಳಿ. ಗದ್ದೆಯ ಬದುವಿನ ಮೇಲೆ ನಿಂತವರು ಕ್ಯಾಮೆರಾ ತಿರುಗಿಸುತ್ತಾ ಹತ್ತು ಸೆಕೆಂಡಿನ ಓಟ ಹಿಡಿದಿದ್ದಾರೆ. ಕೋಣಗಳ ಹೆಸರು ಅವುಗಳ ಜೊತೆಗೇ ಸಾಗಬೇಕು. ಸೆಕೆಂಡಿಗೆ 25 ಫ್ರೇಮಿನಂತೆ 250 ಫ್ರೇಮುಗಳಾಗುತ್ತವೆ. ಪ್ರತಿಯೊಂದರಲ್ಲೂ ಕೈಯಿಂದ ಹೆಸರು ಕೂರಿಸಿದರೆ ಅಲ್ಲಲ್ಲಿ ಎರಡು ಪಿಕ್ಸೆಲ್ ತಪ್ಪಿದರೂ ಅಕ್ಷರ ನಡುಗುತ್ತದೆ. ಈ ಕೆಲಸವನ್ನು ಮೋಷನ್ ಟ್ರ್ಯಾಕಿಂಗ್‌ಗೆ ಬಿಡುತ್ತಾರೆ.

ಆಫ್ಟರ್ ಎಫೆಕ್ಟ್ಸ್‌ನಲ್ಲಿ `Track Motion` ಒತ್ತಿದರೆ ಒಂದರೊಳಗೊಂದು ಎರಡು ಚೌಕಗಳು ಬರುತ್ತವೆ. ಒಳಚೌಕದಲ್ಲಿರುವುದು ಗುರುತು, ಹೊರಚೌಕ ಅದನ್ನು ಹುಡುಕುವ ವ್ಯಾಪ್ತಿ. ಕಂಪ್ಯೂಟರಿಗೆ ಕೋಣ ಯಾವುದೆಂದು ಗೊತ್ತಿಲ್ಲ. ಒಳಚೌಕದ ಬಣ್ಣ, ಬೆಳಕಿನ ವಿನ್ಯಾಸವನ್ನಷ್ಟೇ ನೆನಪಿಟ್ಟುಕೊಂಡು, ಮುಂದಿನ ಫ್ರೇಮಿನ ಹೊರಚೌಕದೊಳಗೆ ಅದಕ್ಕೆ ಹೆಚ್ಚು ಹೋಲುವ ಜಾಗ ಹುಡುಕುತ್ತದೆ.

ಹಾಗಾಗಿ ಗುರುತಿನ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಕೋಣದ ಒದ್ದೆ ಮೈ ಬೇಡ. ಕಪ್ಪಿನಲ್ಲಿ ಹಿಡಿತಕ್ಕೆ ಏನೂ ಸಿಗುವುದಿಲ್ಲ, ಮೇಲಿನ ಬಿಸಿಲಿನ ಹೊಳಪು ಮೈಯ ಮೇಲೆಯೇ ಜಾರುತ್ತಿರುತ್ತದೆ. ಓಟಗಾರನ ಕೆಂಪು ರುಮಾಲು ಕೆಸರಿನ ಎದುರು ಚೆನ್ನಾಗಿ ಎದ್ದು ಕಾಣುತ್ತದೆ, ಆದರೆ ಅವನ ತಲೆ ಕುಣಿದಂತೆ ಹೆಸರೂ ಕುಣಿಯುತ್ತದೆ. ನೊಗದ ತುದಿ ಸ್ಪಷ್ಟವಾಗಿ ಕಾಣುತ್ತಿದ್ದರೆ ನಾನು ಅದನ್ನೇ ಆರಿಸುತ್ತೇನೆ.

`Analyze Forward` ಒತ್ತಿ ಸಿಕ್ಕಿದ ಚಲನೆಯನ್ನು ನೇರವಾಗಿ ಹೆಸರಿಗೆ ಕೊಡಬೇಡಿ. `Edit Target` ಮೂಲಕ ಒಂದು `Null Object`ಗೆ ಕೊಡಿ. ಅದು ಪರದೆಯಲ್ಲಿ ಕಾಣದ ಖಾಲಿ ಲೇಯರ್. ಹೆಸರಿನ ಲೇಯರನ್ನು ಅದಕ್ಕೆ ಪೇರೆಂಟ್ ಮಾಡಿದರೆ ಹೆಸರನ್ನು ಆಮೇಲೆ ಮೇಲಕ್ಕೆ, ಪಕ್ಕಕ್ಕೆ ಸರಿಸಿದರೂ ಟ್ರ್ಯಾಕಿಂಗ್ ಕೆಡುವುದಿಲ್ಲ.

ತೊಂದರೆ ಶುರುವಾಗುವುದು ನೀರು ಚಿಮ್ಮಿದಾಗ. ನೊಗ ಮರೆಯಾದ ಕೂಡಲೇ ಚೌಕ ಯಾವುದೋ ನೀರಹನಿಗೆ ಜಿಗಿಯುತ್ತದೆ. ಇದು ಕಣ್ಣಿಗೆ ಥಟ್ಟನೆ ಬೀಳುತ್ತದೆ. ಆ ಕೆಲವು ಫ್ರೇಮುಗಳ ಕೀಫ್ರೇಮ್ ಅಳಿಸಿ, ನೀರು ಇಳಿದ ಮೇಲೆ ಚೌಕವನ್ನು ಮತ್ತೆ ನೊಗದ ಮೇಲಿಟ್ಟು ಮುಂದುವರಿಸಿದರೆ, ನಡುವಿನ ದಾರಿಯನ್ನು ಸಾಫ್ಟ್‌ವೇರ್ ತಾನೇ ತುಂಬಿಕೊಳ್ಳುತ್ತದೆ. ನಿಧಾನವಾಗಿ ಜಾರುವ ಚೌಕವೇ ಹೆಚ್ಚು ಮೋಸದ್ದು. ಫ್ರೇಮಿನಿಂದ ಫ್ರೇಮಿಗೆ ತಪ್ಪು ಕಾಣುವುದಿಲ್ಲ, ಹತ್ತು ಸೆಕೆಂಡಿನ ಕೊನೆಗೆ ಹೆಸರು ಕೋಣದ ಬಾಲದ ಮೇಲಿರುತ್ತದೆ. ಆದ್ದರಿಂದ ಗುರುತಿನ ಮೇಲೆಯೇ ಒಂದು ಚುಕ್ಕೆ ಇಟ್ಟು, ಚಿತ್ರ ಹಿಗ್ಗಿಸಿ, ಮೊದಲ ಮತ್ತು ಕೊನೆಯ ಫ್ರೇಮುಗಳನ್ನು ಹೋಲಿಸಿ ನೋಡಬೇಕು.

ಕೆಲವು ತೊಂದರೆಗಳಿಗೆ ಚಿತ್ರೀಕರಣದಲ್ಲೇ ಪರಿಹಾರವಿದೆ. ಸೆಕೆಂಡಿಗೆ 10 ಮೀಟರ್ ಓಡುವ ಕೋಣ 1/50 ಸೆಕೆಂಡಿನ ಶಟರ್ ತೆರೆದಿರುವಾಗ 20 ಸೆಂಟಿಮೀಟರ್ ಸಾಗಿರುತ್ತದೆ. ಕ್ಯಾಮೆರಾ ಅದೇ ವೇಗದಲ್ಲಿ ತಿರುಗದಿದ್ದರೆ ನೊಗದ ತುದಿ ಬರೀ ಗೆರೆಯಾಗಿ ಹರಡುತ್ತದೆ. 1/250ಕ್ಕೆ ಇಟ್ಟರೆ ಅದು 4 ಸೆಂಟಿಮೀಟರಿಗೆ ಇಳಿಯುತ್ತದೆ, ಗುರುತು ಉಳಿಯುತ್ತದೆ. ಮಸುಕಾದ ಚಿತ್ರವೇ ಕೈಯಲ್ಲಿದ್ದರೆ ಹೆಸರಿನ ಲೇಯರಿಗೂ `Motion Blur` ಹಾಕಿ, ಇಲ್ಲದಿದ್ದರೆ ಆ ಚೂಪಾದ ಅಕ್ಷರ ಕೋಣಕ್ಕೆ ಸೇರಿದ್ದೆಂದು ಕಣ್ಣು ಒಪ್ಪುವುದಿಲ್ಲ.