ಕೋಟಿಯೋ ಮಿಲಿಯನ್ನೋ: ಒಂದೇ ಆದಾಯ, ಎರಡು ಅಂಕಿ

ಬೆಂಗಳೂರಿನ ಇನ್ಫೋಸಿಸ್ ಕಂಪನಿಯ 2024-25ರ ಆದಾಯ ಒಂದು ಪಟ್ಟಿಯಲ್ಲಿ 1,62,990, ಇನ್ನೊಂದರಲ್ಲಿ 19,277. ಮೊದಲನೆಯದು ಕೋಟಿ ರೂಪಾಯಿ, ಎರಡನೆಯದು ಮಿಲಿಯನ್ ಡಾಲರ್, ಹಣ ಒಂದೇ. ಅದನ್ನು ತಿಳಿಸುವುದು ಪಟ್ಟಿಯ ಮೇಲಿನ ಸಣ್ಣಕ್ಷರದ ಒಂದು ಸಾಲು. ಅಂಕಿಯನ್ನು ನಕಲು ಮಾಡಿಕೊಳ್ಳುವಾಗ ಬಿಟ್ಟುಹೋಗುವುದೂ ಆ ಸಾಲೇ.

1 ಕೋಟಿ ಎಂದರೆ 10 ಮಿಲಿಯನ್. 1,62,990 ಅನ್ನು ಮಿಲಿಯನ್ ರೂಪಾಯಿ ಎಂದು ಓದಿದರೆ ಆದಾಯ 16,299 ಕೋಟಿಗೆ ಇಳಿಯುತ್ತದೆ. 1,46,691 ಕೋಟಿ ರೂಪಾಯಿ, ಅಂದರೆ ಶೇ 90ರಷ್ಟು, ಲೆಕ್ಕದಿಂದ ಹೊರಗುಳಿಯುತ್ತದೆ. ಕಾನೂನು ಒಂದೇ ಮಾನವನ್ನು ಗೊತ್ತುಪಡಿಸಿಲ್ಲ. 2013ರ ಕಂಪನಿ ಕಾಯ್ದೆಯ 3ನೇ ಅನುಸೂಚಿಯ ಪ್ರಕಾರ, ಒಟ್ಟು ಆದಾಯ 100 ಕೋಟಿ ಅಥವಾ ಅದಕ್ಕಿಂತ ಹೆಚ್ಚಿರುವ ಕಂಪನಿ ಲಕ್ಷ, ಮಿಲಿಯನ್, ಕೋಟಿ ಈ ಮೂರರಲ್ಲಿ ಯಾವುದರಲ್ಲಾದರೂ ಅಂಕಿಗಳನ್ನು ಕೊಡಬಹುದು.

ಅಲ್ಪವಿರಾಮದ ಜಾಗ ಸುಳಿವು ಕೊಡುತ್ತದೆ, ಆದರೆ 1,00,000ದಿಂದ ಮೇಲೆ ಮಾತ್ರ. 99,999ರವರೆಗೆ ಭಾರತೀಯ ಮತ್ತು ಪಾಶ್ಚಾತ್ಯ ಬರವಣಿಗೆ ಒಂದೇ. 19,277 ಎಂಬ ಅಂಕಿ ಯಾವ ಪದ್ಧತಿಯದೆಂದು ನೋಡಿ ಹೇಳಲಾಗದು.

ಫಲಿತಾಂಶ ನಂಬುವಂತಿದ್ದರೆ ಸಾಲದು. 2025ರ ಮಾರ್ಚ್ 31ಕ್ಕೆ ಕಂಪನಿಯಲ್ಲಿ 3,23,578 ಉದ್ಯೋಗಿಗಳಿದ್ದರು. ತಲಾ ಆದಾಯ 50.37 ಲಕ್ಷ ರೂಪಾಯಿ. ಮಿಲಿಯನ್ ಎಂದು ಓದಿದವರಿಗೆ 5.04 ಲಕ್ಷ. ಈ ಎರಡನೆಯ ಅಂಕಿಯೂ ಕಣ್ಣಿಗೆ ಅಸಹಜವಾಗಿ ಕಾಣದು.

ಎರಡೂ ಕರೆನ್ಸಿಯ ಅಂಕಿ ಕೈಯಲ್ಲಿದ್ದರೆ ಒಂದು ಭಾಗಾಕಾರ ಸಾಕು. 1,62,990 ಅನ್ನು 19,277ರಿಂದ ಭಾಗಿಸಿದರೆ 8.455 ಬರುತ್ತದೆ. ಆ ವರ್ಷ ಡಾಲರಿಗೆ 8 ರೂಪಾಯಿ ಇರಲಿಲ್ಲ. ಕೋಟಿಯನ್ನು ಮಿಲಿಯನ್ನಿಗೆ ತಂದು, ಅಂದರೆ ಮೊದಲ ಅಂಕಿಯನ್ನು 10ರಿಂದ ಗುಣಿಸಿ ಭಾಗಿಸಿದರೆ 84.55, ಇದು ಆ ವರ್ಷದ ವಿನಿಮಯ ದರಕ್ಕೆ ಹೊಂದುತ್ತದೆ.

ಶೇಕಡಾವಾರು ಲೆಕ್ಕದಲ್ಲಿ ಈ ತಪ್ಪು ಕಾಣಿಸುವುದೇ ಇಲ್ಲ. 2023-24ರ ಆದಾಯ 1,53,670 ಕೋಟಿ ರೂಪಾಯಿ. ಕೋಟಿಯಾಗಲಿ ಮಿಲಿಯನ್ನಾಗಲಿ, ಏರಿಕೆ ಶೇ 6.1. ಆದರೆ ಕರೆನ್ಸಿ ಬದಲಾದರೆ ಉತ್ತರವೂ ಬದಲಾಗುತ್ತದೆ: ಡಾಲರಿನಲ್ಲಿ 18,562 ಮಿಲಿಯನ್ನಿನಿಂದ 19,277 ಮಿಲಿಯನ್ನಿಗೆ, ಏರಿಕೆ ಶೇ 3.9. ಉಳಿದ ಅಂತರಕ್ಕೆ ಕಾರಣ ರೂಪಾಯಿಯ ಇಳಿಕೆ: ಇದೇ ಭಾಗಾಕಾರದಂತೆ ಹಿಂದಿನ ವರ್ಷ ಡಾಲರಿಗೆ 82.79 ರೂಪಾಯಿ.

ಆದ್ದರಿಂದ ಮಾನ ಬರೆಯದ ಅಂಕಿ ಕೈಗೆ ಬಂದಾಗ ಮೊದಲು ಮೂಲ ಪಟ್ಟಿಯ ಆ ಸಾಲನ್ನು ನೋಡಬೇಕು. ಪಟ್ಟಿ ಸಿಗದಿದ್ದರೆ ಅಂಕಿ ಕೊಟ್ಟವರನ್ನು ಕೇಳಬೇಕು: «19,277 ಮಿಲಿಯನ್ ಡಾಲರ್, ಅಲ್ಲವೇ?» ಉತ್ತರ ಬರುವವರೆಗೆ ಕೂಡುವುದೂ ಬೇಡ, ಭಾಗಿಸುವುದೂ ಬೇಡ.