ಅಗ್ಗದ ಷೇರು, ಹಿಗ್ಗುವ ಬ್ಯಾಂಡ್

ಷೇರು ಚಾರ್ಟ್ ನೋಡುವವರಿಗೆ ಬೊಲಿಂಜರ್ ಬ್ಯಾಂಡ್ ಹೊಸದೇನಲ್ಲ. ಜಾನ್ ಬೊಲಿಂಜರ್ 1980ರ ದಶಕದಲ್ಲಿ ರೂಪಿಸಿದ ಈ ವಿಧಾನದಲ್ಲಿ 20 ದಿನಗಳ ಮುಕ್ತಾಯ ಬೆಲೆಯ ಸರಾಸರಿ ನಡುಗೆರೆಯಾಗುತ್ತದೆ. ಅದರ ಮೇಲೆ ಮತ್ತು ಕೆಳಗೆ ಎರಡೆರಡು ಮಾನಕ ವಿಚಲನೆಯಷ್ಟು ದೂರದಲ್ಲಿ ಇನ್ನೆರಡು ಗೆರೆಗಳು ಬರುತ್ತವೆ. ಮಾನಕ ವಿಚಲನೆ ಎಂದರೆ ಬೆಲೆ ಸಾಮಾನ್ಯವಾಗಿ ಸರಾಸರಿಯಿಂದ ಎಷ್ಟು ಆಚೀಚೆ ಹೋಗುತ್ತದೆ ಎಂಬ ಅಳತೆ. ಬೆಲೆ ಒಂದೇ ವ್ಯಾಪ್ತಿಯಲ್ಲಿ ಏರಿಳಿಯುತ್ತಿರುವಾಗ ಕೆಳಗೆರೆಯಲ್ಲಿ ಕೊಂಡು ನಡುಗೆರೆಯಲ್ಲಿ ಮಾರುವುದು ಹಲವರ ರೂಢಿ.

ಈ ಲೆಕ್ಕ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಒಂದು ಕಲ್ಪಿತ ಷೇರಿನಲ್ಲಿ ನೋಡೋಣ. 20 ದಿನ ಅದು ಒಂದು ದಿನ 490, ಮರುದಿನ 510 ರೂಪಾಯಿಗೆ ಮುಗಿದಿದೆ. ಸರಾಸರಿ 500, ವಿಚಲನೆ 10. ಹಾಗಾಗಿ ಬ್ಯಾಂಡ್ 480ರಿಂದ 520. ಮರುದಿನ ಬೆಲೆ 476ಕ್ಕೆ ಇಳಿಯುತ್ತದೆ. ಆ ದಿನವನ್ನೂ ಸೇರಿಸಿಕೊಂಡರೆ ಕೆಳಗೆರೆ ಸುಮಾರು 477. ಬೆಲೆ ಬ್ಯಾಂಡಿನಿಂದ ಹೊರಬಿದ್ದಿದೆ, ಅಗ್ಗವಾಯಿತೆಂದು ಒಬ್ಬರು ಕೊಳ್ಳುತ್ತಾರೆ. ಮುಂದಿನ ನಾಲ್ಕು ದಿನ ಅದು 470, 462, 457, 456 ಎಂದು ಜಾರುತ್ತದೆ.

ಈಗ ಗೆರೆಗಳನ್ನು ಮತ್ತೆ ಎಳೆಯಿರಿ. ಸರಾಸರಿ 491.5ಕ್ಕೆ ಇಳಿದಿದೆ, ವಿಚಲನೆ 18.4ಕ್ಕೆ ಏರಿದೆ, ಕೆಳಗೆರೆ 455ರ ಹತ್ತಿರಕ್ಕೆ ಬಂದಿದೆ. ಬೆಲೆ 456, ಅಂದರೆ ಬ್ಯಾಂಡಿನ ಒಳಗೇ ಇದೆ! ಕೊಂಡವರು ಷೇರಿಗೆ 20 ರೂಪಾಯಿ ಕಳೆದುಕೊಂಡಿದ್ದಾರೆ, ಚಾರ್ಟ್ ಮಾತ್ರ ಎಲ್ಲವೂ ಹಿಡಿತಕ್ಕೆ ಬಂದಂತೆ ತೋರಿಸುತ್ತದೆ. ಬೆಲೆ ಸರಾಸರಿಯತ್ತ ಮರಳಲಿಲ್ಲ, ಬ್ಯಾಂಡೇ ಹಿಗ್ಗಿ ಬೆಲೆಯನ್ನು ಒಳಗೆ ಸೇರಿಸಿಕೊಂಡಿತು. ಈ ವಿಧಾನದಲ್ಲಿ ಅತಿ ಹೆಚ್ಚು ಹಣ ನುಂಗುವ ಜಾಗ ಇದೇ ಎಂದು ನನ್ನ ಅಭಿಪ್ರಾಯ.

ಆದರೆ ಅದೇ ಚಾರ್ಟಿನಲ್ಲಿ ಎಚ್ಚರಿಕೆಯೂ ಇದೆ. ಬೆಲೆ ಬೀಳುತ್ತಿದ್ದರೂ ಮೇಲಿನ ಗೆರೆ 520ರಿಂದ 528ಕ್ಕೆ ಏರಿದೆ. ಗೆರೆಗಳು ಹೀಗೆ ಎರಡೂ ಕಡೆಗೆ ಬಾಯ್ತೆರೆದು, ಮಟ್ಟಸವಾಗಿದ್ದ ನಡುಗೆರೆ ಓರೆಯಾಗಿ, ಬೆಲೆ ಕೆಳಗೆರೆಗೆ ಅಂಟಿಕೊಂಡೇ ಸಾಗಿದರೆ ಅದು ಟ್ರೆಂಡ್ ಎಂದು ಭಾವಿಸುವುದು ಒಳ್ಳೆಯದು. ನಂತರ ಬೆಲೆ ಚೇತರಿಸಿಕೊಂಡರೂ ನಡುಗೆರೆ ಮುಟ್ಟಿ ಮತ್ತೆ ಕುಸಿದರೆ ಅನುಮಾನ ಬಹುಪಾಲು ನಿಜವಾದಂತೆ. ಗೆರೆ ಮುಟ್ಟಿದ್ದಷ್ಟೇ ಕೊಳ್ಳುವ ಸೂಚನೆಯಲ್ಲ ಎಂದು ಬೊಲಿಂಜರ್ ಅವರೇ ಹೇಳಿದ್ದಾರೆ.

2020ರ ಫೆಬ್ರವರಿ 28ರಂದು ನಿಫ್ಟಿ 11,201ಕ್ಕೆ ಮುಗಿದಾಗ ಅದು ಕೆಳಗೆರೆಗಿಂತ ಬಹಳ ಕೆಳಗಿತ್ತು. ಮಾರ್ಚ್ 23ಕ್ಕೆ ಅದು 7,610ಕ್ಕೆ ಇಳಿದಿತ್ತು.

ಈ ಸೂಚನೆಗಳೆಲ್ಲ ತಡವಾಗಿ ಬರುತ್ತವೆ, ಅಷ್ಟರಲ್ಲಿ ನಷ್ಟದ ಒಂದು ಪಾಲು ಆಗಿಹೋಗಿರುತ್ತದೆ. ಆದ್ದರಿಂದ ಕೊಂಡ ದಿನದ ಗೆರೆಗಳನ್ನೇ ಬರೆದಿಟ್ಟುಕೊಂಡು, ಆ ಹಳೆಯ ಕೆಳಗೆರೆಯಿಂದ ಇನ್ನೊಂದು ವಿಚಲನೆಯಷ್ಟು ಕೆಳಗೆ ಸ್ಟಾಪ್‌ಲಾಸ್ ಹಾಕಬೇಕು. ನಮ್ಮ ಷೇರಿನಲ್ಲಿ ಅದು ಸುಮಾರು 466. ಮೂರನೆಯ ದಿನ 462ಕ್ಕೆ ಇಳಿಯುವ ಹೊತ್ತಿಗೆ ಆ ವ್ಯವಹಾರ ಮುಗಿದಿರುತ್ತಿತ್ತು.