ಹೊಸ ಗೋಡೆ, ಹಳೇ ರುಚಿ: 30 ಸೆಕೆಂಡಿನ ಜಾಹೀರಾತು

ನವೀಕರಣಕ್ಕೆಂದು ಮುಚ್ಚಿದ್ದ ಹೋಟೆಲ್ ಮತ್ತೆ ತೆರೆಯುವಾಗ ಮಾಲೀಕರಿಗೆ ಹೊಸ ಟೈಲ್ಸು, ಹೊಸ ದೀಪ ತೋರಿಸುವ ಆಸೆ. ಹಳೇ ಗಿರಾಕಿಗಿರುವುದು ಬೇರೆಯದೇ ಚಿಂತೆ: ರುಚಿ ಕೆಟ್ಟಿದೆಯೋ, ಅಡುಗೆಯವರು ಬದಲಾದರೋ? ಒಳ್ಳೆಯ ಸ್ಕ್ರಿಪ್ಟ್ ಮೊದಲು ಈ ಅನುಮಾನವನ್ನು ಕಳೆಯುತ್ತದೆ. ಹೊಸತನದ ಮಾತು ಆಮೇಲೆ.

ದಾವಣಗೆರೆಯ ಒಂದು ಬೆಣ್ಣೆದೋಸೆ ಹೋಟೆಲ್ ಎಂದುಕೊಳ್ಳೋಣ. ಸ್ಕ್ರಿಪ್ಟ್ ಬರೆಯುವವರು ಹಾಳೆಯನ್ನು ಎರಡು ಭಾಗ ಮಾಡಿ, ಎಡಕ್ಕೆ ಕಾಣುವುದನ್ನೂ ಬಲಕ್ಕೆ ಕೇಳುವುದನ್ನೂ ಬರೆಯುತ್ತಾರೆ. ನಮ್ಮ ಜಾಹೀರಾತು ಹೀಗಿರಬಹುದು.

0–4 ಸೆಕೆಂಡ್: ಕಾದ ಹಂಚಿನ ಮೇಲೆ ಹಿಟ್ಟು, ಅದರ ಮೇಲೆ ಬೆಣ್ಣೆ. ಮಾತಿಲ್ಲ, ಚುಂಯ್ ಎನ್ನುವ ಸದ್ದು ಮಾತ್ರ.

4–11: ಮುಚ್ಚಿದ ಬಾಗಿಲು, ಇಣುಕಿ ನೋಡುವ ಹಿರಿಯರು. ಧ್ವನಿ: “ಎರಡು ತಿಂಗಳು ಬಾಗಿಲು ಹಾಕಿತ್ತು. ದಿನಾ ಯಾರಾದರೂ ಬಂದು ಕೇಳೋರು, ಯಾವಾಗ ತೆಗೀತೀರಿ?”

11–17: ಸೌದೆ ಒಲೆ, ದೋಸೆ ಮಗುಚುವ ಕೈ. “ಒಲೆ ಅದೇ. ಹಂಚು ಅದೇ. ದೋಸೆ ಹಾಕೋ ಕೈಯೂ ಅದೇ.”

17–23: ಹೊಸ ಹಾಲ್, ಮೊಮ್ಮಗಳ ಕೈ ಹಿಡಿದ ಅಜ್ಜಿ. “ಕೂರೋಕೆ ಮಾತ್ರ ಜಾಗ ದೊಡ್ಡದಾಗಿದೆ. ಹಿರಿಯರು ಮೆಟ್ಟಿಲು ಹತ್ತಬೇಕಿಲ್ಲ.”

23–30: ತಟ್ಟೆಯಲ್ಲಿ ದೋಸೆ, ಆಲೂಗಡ್ಡೆ ಪಲ್ಯ, ಕಾಯಿಚಟ್ನಿ. ಪರದೆಯ ಮೇಲೆ ದಿನಾಂಕ, ಸಮಯ, ಊರವರಿಗೆ ಗೊತ್ತಿರುವ ಗುರುತಿನ ಜಾಗ. “ಈ ಭಾನುವಾರ ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೀತೀವಿ. ಮನೆಮಂದಿ ಎಲ್ಲ ಬನ್ನಿ.”

ಮಾತು ಒಟ್ಟು 34 ಪದ, ಅಷ್ಟೇ. ಕನ್ನಡದಲ್ಲಿ ಪದಗಳು ಉದ್ದ. 30 ಸೆಕೆಂಡಿಗೆ 60 ಪದ ತುಂಬಿದರೆ ಓದುವವರು ಓಡಬೇಕಾಗುತ್ತದೆ, ಆತ್ಮೀಯತೆ ಅಲ್ಲೇ ಸಾಯುತ್ತದೆ. ‘ಅದೇ’ ಎಂದಾಗಲೆಲ್ಲ ಒಂದು ಉಸಿರಿನಷ್ಟು ಬಿಡುವು ಬೇಕು. ಧ್ವನಿ ಕೊಡುವವರು ಮೈಕಿಗೆ ಹತ್ತಿರ ಕೂತು, ಎದುರಿಗಿರುವ ಒಬ್ಬರೊಡನೆ ಮಾತಾಡಿದಂತೆ ಮೆಲ್ಲಗೆ ಹೇಳಬೇಕು. ಸಭೆಗೆ ಘೋಷಿಸುವ ದನಿ ಇಲ್ಲಿ ಹೊಂದದು. ಮಾತು ಬಂದಾಗ ಹಿನ್ನೆಲೆ ಸಂಗೀತ ತಗ್ಗಬೇಕು.

ಚಿತ್ರೀಕರಣಕ್ಕೆ ಮುನ್ನ ಗಡಿಯಾರ ಹಿಡಿದು ಗಟ್ಟಿಯಾಗಿ ಓದಿ ನೋಡಿ. ಹೆಚ್ಚಾದರೆ ವಿಶೇಷಣಗಳನ್ನು ಮೊದಲು ತೆಗೆಯಿರಿ. ವಿಡಿಯೊ ಸಿದ್ಧವಾದ ಮೇಲೆ ಸದ್ದು ಆರಿಸಿ ಯಾರಿಗಾದರೂ ತೋರಿಸಿ. ಮೊಬೈಲಿನಲ್ಲಿ ಎಷ್ಟೋ ಜನ ಸದ್ದಿಲ್ಲದೆಯೇ ನೋಡುತ್ತಾರೆ. ಯಾವ ಹೋಟೆಲ್, ಯಾವತ್ತು, ಎಲ್ಲಿ ಎಂದು ಅವರು ಹೇಳಲಾಗದಿದ್ದರೆ ಪರದೆಯ ಅಕ್ಷರಗಳು ಸಾಲವು ಎಂದರ್ಥ.

ಇನ್ನೊಂದು ಎಚ್ಚರ: ಸೌದೆ ಒಲೆ ಹೋಗಿ ಗ್ಯಾಸ್ ಬಂದಿದ್ದರೆ “ಒಲೆ ಅದೇ” ಎಂಬ ಸಾಲನ್ನು ಹೊಡೆದುಹಾಕಿ. ಮೊದಲ ತುತ್ತಿಗೇ ಸುಳ್ಳನ್ನು ಹಿಡಿಯುವವರು ಹಳೇ ಗಿರಾಕಿಗಳೇ.